ಹಾವಿನ ಇಂಜೆಕ್ಷನ್ ಆಗಿ ಒಂಬತ್ತನೇ ದಿನ ಜ್ವರ ಬಂದರೆ

ನಮ್ಮ ಯಾದಗಿರಿ ಕಡೆ ತೊಗರಿ ಹೊಲದಲ್ಲಿ ಹಾವು ಕಚ್ಚಿಸಿಕೊಂಡು ಬರುವವರಿಗೆ ವಿಷ ಇಳಿಸಲು ಕೊಡುವ ಇಂಜೆಕ್ಷನ್ ಎಎಸ್‌ವಿ ತಯಾರಾಗುವುದು ಕುದುರೆಯ ರಕ್ತದಿಂದ. ಜೀವ ಉಳಿಸುವ ಮದ್ದು ಅದು. ಆದರೆ ನಮ್ಮ ಮೈಗೆ ಅದು ಹೊರಗಿನ ಪ್ರೋಟೀನ್.

ಕೊಳಕುಮಂಡಲ ಕಚ್ಚಿದ್ದ ಒಬ್ಬ ರೈತರಿಗೆ ಮೊದಲು 10 ವಯಲ್ ಹಾಕಿದ್ದೆವು. ಆರು ಗಂಟೆ ಬಿಟ್ಟು ಗಾಜಿನ ಟ್ಯೂಬಿನಲ್ಲಿ ರಕ್ತವನ್ನು 20 ನಿಮಿಷ ಇಟ್ಟು ನೋಡಿದರೆ ಇನ್ನೂ ಹೆಪ್ಪುಗಟ್ಟಿರಲಿಲ್ಲ, ಅಂದರೆ ವಿಷದ ಕೆಲಸ ನಿಂತಿಲ್ಲ, ಹಾಗಾಗಿ ಮತ್ತೆ 10 ವಯಲ್. ಆರಾಮಾಗಿ ಮನೆಗೆ ಹೋದರು. ಒಂಬತ್ತನೇ ದಿನ ಜ್ವರ, ಮೈತುಂಬ ತುರಿಸುವ ದದ್ದು, ಮೊಣಕಾಲು, ಮಣಿಕಟ್ಟು ಹಿಡಿದುಕೊಂಡು ನಡೆಯಲಾಗದೆ ವಾಪಸ್ ಬಂದರು. "ವಿಷ ಇನ್ನೂ ಮೈಯಾಗ ಉಳದದ ಏನ್ರಿ ಡಾಕ್ಟ್ರೇ?" ಅಂತ ಕೇಳಿದರು.

ವಿಷ ಅಲ್ಲ, ಇದು ಸೀರಮ್ ಸಿಕ್‌ನೆಸ್. ಇಲ್ಲಿ ದಿನದ ಲೆಕ್ಕವೇ ಮುಖ್ಯ. ಡ್ರಿಪ್ ಹೋಗುವಾಗಲೇ ಉಸಿರು ಕಟ್ಟಿ ಬಿಪಿ ಬಿದ್ದರೆ ಅದು ಅನಾಫಿಲಾಕ್ಸಿಸ್, ಅಂದರೆ ಕೂಡಲೇ ಆಗುವ ಜೋರು ಅಲರ್ಜಿ. ಸೀರಮ್ ಸಿಕ್‌ನೆಸ್‌ಗೆ ಸಾಮಾನ್ಯವಾಗಿ ಒಂದರಿಂದ ಎರಡು ವಾರ ಹಿಡಿಯುತ್ತದೆ, ಯಾಕೆಂದರೆ ಕುದುರೆ ಪ್ರೋಟೀನಿನ ವಿರುದ್ಧ ಮೈ ಆಂಟಿಬಾಡಿ ಮಾಡಿಕೊಳ್ಳಲು ಅಷ್ಟು ದಿನ ಬೇಕು. ಅಷ್ಟರಲ್ಲಿ ಆ ಪ್ರೋಟೀನ್ ಇನ್ನೂ ರಕ್ತದಲ್ಲಿ ಓಡಾಡುತ್ತಿರುತ್ತದೆ. ಎರಡೂ ಅಂಟಿಕೊಂಡು ಸಣ್ಣ ಸಣ್ಣ ಗಂಟುಗಳಾಗುತ್ತವೆ, ಇವೇ ಇಮ್ಯೂನ್ ಕಾಂಪ್ಲೆಕ್ಸ್. ದೊಡ್ಡ ಗಂಟಾದರೆ ಲಿವರ್, ಸ್ಪ್ಲೀನ್ ಹಿಡಿದು ತೆಗೆದುಬಿಡುತ್ತವೆ. ಸಣ್ಣವು ತಪ್ಪಿಸಿಕೊಂಡು ಚರ್ಮ, ಕೀಲು, ಕಿಡ್ನಿಯ ರಕ್ತನಾಳದ ಗೋಡೆಗೆ ಕೂರುತ್ತವೆ, ಅಲ್ಲಿ ಕಾಂಪ್ಲಿಮೆಂಟ್ ಅನ್ನುವ ರಕ್ತದ ಪ್ರೋಟೀನುಗಳ ಪಡೆ ಎದ್ದು ಬಿಳಿ ರಕ್ತಕಣಗಳನ್ನು ಕರೆದು ಉರಿಯೂತ ಮಾಡುತ್ತದೆ. ಆಂಟಿಬಾಡಿ ಇನ್ನೂ ಜಾಸ್ತಿಯಾದಾಗ ಗಂಟು ದೊಡ್ಡದಾಗುತ್ತದೆ, ಕಾಯಿಲೆ ತಾನಾಗೇ ಇಳಿಯುತ್ತದೆ.

ಚಿಕೂನ್‌ಗುನ್ಯಾ ಕೂಡ ಹೀಗೇ ಕಾಣುತ್ತದೆ ಅಲ್ವಾ, ಅದಕ್ಕೇ ಇತ್ತೀಚೆಗೆ ಯಾವ ಇಂಜೆಕ್ಷನ್ ಆಗಿತ್ತು ಅಂತ ಕೇಳಲೇಬೇಕು. ಕಚ್ಚಿದ ಜಾಗ ಕೀವಾಗಿದೆಯಾ ನೋಡಿದೆ, ಆಗಿರಲಿಲ್ಲ. ಪ್ಲೇಟ್‌ಲೆಟ್, ಕ್ರಿಯಾಟಿನಿನ್ ಸರಿ ಇತ್ತು, ಮೂತ್ರದಲ್ಲಿ ಸ್ವಲ್ಪ ಆಲ್ಬುಮಿನ್ ಇತ್ತು. ತುರಿಕೆಗೆ ಆಂಟಿಹಿಸ್ಟಮಿನ್, ಜೊತೆಗೆ ಪ್ರೆಡ್ನಿಸೋಲೋನ್ 5 ಮಿ.ಗ್ರಾಂ ಆರು ಗಂಟೆಗೊಮ್ಮೆ ಐದು ದಿನ ಕೊಟ್ಟೆ. ಕೊಳಕುಮಂಡಲದ ವಿಷ ಕಿಡ್ನಿಗೆ ಮೊದಲೇ ಕೆಟ್ಟದ್ದು, ಹಾಗಾಗಿ ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಮುಟ್ಟಲಿಲ್ಲ. ಎರಡು ದಿನಕ್ಕೆ ನಡೆದರು.

ಇದೇ ಗಂಟು ಇಂಜೆಕ್ಷನ್ ಚುಚ್ಚಿದ ಜಾಗದಲ್ಲೇ ಆದರೆ ಅದಕ್ಕೆ ಆರ್ಥಸ್ ರಿಯಾಕ್ಷನ್ ಅಂತಾರೆ. ಅದಕ್ಕೆ ಒಂದು ವಾರ ಬೇಕಿಲ್ಲ, ಆಂಟಿಬಾಡಿ ಮೊದಲೇ ತುಂಬಿರುತ್ತದೆ. ಗಾಯವಾದಾಗಲೆಲ್ಲ ಸುಮ್ನೆ ಟಿಟಿ ಹಾಕಿಸಿಕೊಳ್ಳುವವರಲ್ಲಿ ನೋಡಿ: ಬೆಳಿಗ್ಗೆ ಇಂಜೆಕ್ಷನ್, ಸಂಜೆಯೊಳಗೆ ತೋಳು ಕೆಂಪಾಗಿ ಗಟ್ಟಿಯಾಗಿ ಊದುತ್ತದೆ. ಅಂಥವರಿಗೆ ಹತ್ತು ವರ್ಷದೊಳಗೆ ಮತ್ತೆ ಟಿಟಿ ಬೇಡ.

ಈ ರೈತರ ಚೀಟಿಯಲ್ಲಿ ಎಎಸ್‌ವಿ ಕೊಟ್ಟ ತಾರೀಖು, ಸೀರಮ್ ಸಿಕ್‌ನೆಸ್ ಆದದ್ದು ಎರಡೂ ಬರೆದೆ. ಮತ್ತೆ ಕಚ್ಚಿದರೆ ಇಂಜೆಕ್ಷನ್ ಬೇಡ ಅನ್ನಬೇಡಿ, ಖಂಡಿತ ಹಾಕಿಸಿಕೊಳ್ಳಿ ಅಂತ ಮನೆಯವರಿಗೂ ಹೇಳಿದೆ. ಆಗ ಮೈ ಗುರುತು ಇಟ್ಟುಕೊಂಡಿರುತ್ತದೆ, ಕೀಲುನೋವು ಒಂದೆರಡು ದಿನದಲ್ಲೇ ಶುರುವಾಗಬಹುದು.