ಕಂಪನಿ ಕೊಳ್ಳುವ ಮೊದಲು: ಕರಾರು, ಕೇಸು, ಲೈಸೆನ್ಸ್‌ಗಳ ಸಾರ ಬರೆಯುವುದು ಹೇಗೆ?

ಕಾರವಾರದ ಬೈತಖೋಲ್ ಬಂದರಿನ ಹತ್ತಿರ ಒಂದು ಮೀನು ಸಂಸ್ಕರಣಾ ಕಂಪನಿ ಇದೆ ಎಂದುಕೊಳ್ಳಿ. ಪ್ರೈವೇಟ್ ಲಿಮಿಟೆಡ್, ವರ್ಷಕ್ಕೆ 12 ಕೋಟಿ ವಹಿವಾಟು. ಬಂಗಡೆ, ಶೆಟ್ಲಿ ತೊಳೆದು ಫ್ರೀಜ್ ಮಾಡಿ ಕಳಿಸುತ್ತದೆ. ಮಂಗಳೂರಿನವರೊಬ್ಬರು ಇದರ ಷೇರು ಪೂರ್ತಿ ಕೊಳ್ಳಲು ಬಂದಿದ್ದಾರೆ. ಕಂಪನಿಯವರು ಎರಡು ಗೋಣಿ ಕಾಗದ ತಂದು ನಿಮ್ಮ ಮುಂದೆ ಇಟ್ಟಿದ್ದಾರೆ. ಅದನ್ನು ಓದಿ ಹತ್ತು ಪುಟದಲ್ಲಿ ಸಾರ ಬರೆಯುವುದು ನಿಮ್ಮ ಕೆಲಸ. ಇದಕ್ಕೇ ಡ್ಯೂ ಡಿಲಿಜೆನ್ಸ್ ವರದಿ ಅನ್ನುವುದು.

ಹಂತ 1: ಯಾವ ಕರಾರು ಮುಖ್ಯ?

ಎಲ್ಲ ಕರಾರುಗಳ ಸಾರ ಬರೆಯಲು ಆಗುವುದಿಲ್ಲ. ಹಾಗಾಗಿ ಕೊಳ್ಳುವವರ ಜೊತೆ ಕೂತು ಒಂದು ಮೊತ್ತ ಗೊತ್ತು ಮಾಡಿಕೊಳ್ಳಿ. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಕರಾರು ಮಾತ್ರ ನೋಡುವುದು ಎಂದಿಟ್ಟುಕೊಳ್ಳೋಣ. ಆದರೆ ಮೊತ್ತವೊಂದನ್ನೇ ನಂಬಿದರೆ ಎಡವುತ್ತೀರಿ. ನಮ್ಮ ಕಂಪನಿಯ ಕಟ್ಟಡ ನಿಂತಿರುವ ಜಾಗದ ಬಾಡಿಗೆ ತಿಂಗಳಿಗೆ 18 ಸಾವಿರ, ವರ್ಷಕ್ಕೆ 2.16 ಲಕ್ಷ. ಲೆಕ್ಕದ ಪ್ರಕಾರ ಅದು ಸಣ್ಣ ಕರಾರು. ಆದರೆ ಆ ಜಾಗ ಕೈತಪ್ಪಿದರೆ ಫ್ರೀಜರ್ ಎಲ್ಲಿ ಇಡುತ್ತೀರಿ? ಅದಕ್ಕೇ ಜಾಗದ ಕರಾರು, ಬ್ಯಾಂಕ್ ಸಾಲ, ಡೈರೆಕ್ಟರುಗಳ ಮನೆಯವರ ಜೊತೆಗಿನ ವ್ಯವಹಾರ, 'ಬೇರೆಯವರಿಗೆ ಮಾರಬಾರದು' ಎಂದು ಕಟ್ಟಿಹಾಕುವ ಕರಾರು – ಇವು ಎಷ್ಟೇ ಸಣ್ಣ ಮೊತ್ತದ್ದಾಗಿರಲಿ, ಓದಲೇಬೇಕು.

ಹಂತ 2: ಕರಾರಿನ ಸಾರ

ಆ ಜಾಗದ ಲೀಸನ್ನೇ ತೆಗೆದುಕೊಳ್ಳೋಣ. ಹೊಸಬರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: "ಲೀಸ್ 10 ವರ್ಷ, 2031ರವರೆಗೆ ಚಾಲ್ತಿ, ವರ್ಗಾವಣೆಗೆ ಅವಕಾಶವಿಲ್ಲ." ಕೊಳ್ಳುವವರು ಇದನ್ನು ಓದಿ, 'ನಾವು ಲೀಸ್ ವರ್ಗಾಯಿಸುತ್ತಿಲ್ಲ, ಷೇರು ಕೊಳ್ಳುತ್ತಿದ್ದೇವೆ, ಚಿಂತೆ ಇಲ್ಲ' ಅಂದುಕೊಳ್ಳುತ್ತಾರೆ. ಅವರು ಹೇಳುವುದು ಅರ್ಧ ನಿಜ. ಷೇರು ಕೈಬದಲಾದರೂ ಬಾಡಿಗೆದಾರ ಅದೇ ಕಂಪನಿ.

ಈಗ ಕಾಗದದ ಹಿಂದೆ ಪಿನ್ ಹಾಕಿದ ತಿದ್ದುಪಡಿ ಪತ್ರ ತೆಗೆಯಿರಿ. ಅದರಲ್ಲಿ ಒಂದು ಸಾಲು: ಕಂಪನಿಯ ಅರ್ಧಕ್ಕಿಂತ ಜಾಸ್ತಿ ಷೇರು ಬೇರೆಯವರ ಕೈಗೆ ಹೋದರೆ ಅದನ್ನೂ ವರ್ಗಾವಣೆ ಎಂದೇ ತಿಳಿಯತಕ್ಕದ್ದು, ಜಾಗದ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಇಡೀ ವ್ಯವಹಾರ ನಿಂತಿರುವುದು ಈ ಸಾಲಿನ ಮೇಲೆ. ಇಂಥ ಷರತ್ತು ಮೂಲ ಕರಾರಿನಲ್ಲೇ ಇರಬೇಕೆಂದಿಲ್ಲ. ತಿದ್ದುಪಡಿ, ಪತ್ರವ್ಯವಹಾರ, ಇಮೇಲ್ ಎಲ್ಲವನ್ನೂ ಕೇಳಿ ತರಿಸಿಕೊಳ್ಳಿ.

ಇನ್ನೊಂದು ಹೊಂಡ ಇದೆ. ಆ 10 ವರ್ಷದ ಲೀಸನ್ನು ಬರೀ ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿದ್ದಾರೆ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿಲ್ಲ. ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗಲೇಬೇಕು. ಆಗದಿದ್ದರೆ '10 ವರ್ಷ ನಮಗೆ ಹಕ್ಕಿದೆ' ಎಂದು ಕೋರ್ಟಿನಲ್ಲಿ ಆ ಕಾಗದ ಹಿಡಿದು ವಾದಿಸಲು ಬರುವುದಿಲ್ಲ. ನಮ್ಮ ಕಡೆ ಇದು ಬಹಳ ಮಾಮೂಲು. ಸ್ಟಾಂಪ್ ಖರ್ಚು ಉಳಿಯಿತಲ್ಲ ಎಂದು ಎರಡೂ ಕಡೆಯವರು ಖುಷಿಯಾಗಿ ಎದ್ದು ಹೋಗಿರುತ್ತಾರೆ.

ಸಾರ ಹೀಗೆ ಬರೆಯಿರಿ: "ಜಾಗದ ಲೀಸ್, ಝೆರಾಕ್ಸ್ ನೋಡಿದ್ದೇವೆ, ಮೂಲ ಪ್ರತಿ ನೋಡಿಲ್ಲ. ನೋಂದಣಿ ಆಗಿಲ್ಲ, 2031ರ ಅವಧಿ ನಂಬುವಂತಿಲ್ಲ. ತಿದ್ದುಪಡಿ ಪತ್ರದ 3ನೇ ಷರತ್ತಿನಂತೆ ಷೇರು ಮಾರಾಟಕ್ಕೆ ಮಾಲೀಕರ ಒಪ್ಪಿಗೆ ಬೇಕು. ಮಾಡಬೇಕಾದ್ದು: ಹಣ ಕೊಡುವ ಮೊದಲು ಒಪ್ಪಿಗೆ ಪತ್ರ ಮತ್ತು ಹೊಸ ನೋಂದಾಯಿತ ಲೀಸ್." ಷರತ್ತಿನ ಸಂಖ್ಯೆ, ಅದರಿಂದ ಆಗುವ ಪರಿಣಾಮ, ಮಾಡಬೇಕಾದ ಕೆಲಸ ಇಷ್ಟಿದ್ದರೆ ಸಾಕು. ಅರ್ಧ ಪುಟ ದಾಟಬೇಡಿ.

ಹಂತ 3: ಕೇಸುಗಳು

ಕಂಪನಿಯವರು ಕೊಟ್ಟ ಕೇಸುಗಳ ಪಟ್ಟಿಯಲ್ಲಿ ಒಂದೇ ಒಂದು ಕಾರ್ಮಿಕ ತಕರಾರು ಇದೆ. ಪಟ್ಟಿಗೆ ಸಹಿ ಹಾಕಿಸಿಕೊಳ್ಳಿ, ಆಮೇಲೆ ನೀವೇ ಹುಡುಕಿ.

ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕಬಹುದು. ಆದರೆ ಅಲ್ಲಿ ಜಿಲ್ಲೆ, ಕೋರ್ಟ್ ಸಂಕೀರ್ಣ, ವರ್ಷ ಆರಿಸಿಕೊಳ್ಳಬೇಕು. ಕಾರವಾರ ಆರಿಸಿದರೆ ಕಾರವಾರದ್ದೇ ಬರುತ್ತದೆ. ಅಂಕೋಲಾ, ಕುಮಟಾಗಳನ್ನು ಬೇರೆ ನೋಡಬೇಕು. ಹೈಕೋರ್ಟಿನ ಧಾರವಾಡ ಪೀಠವನ್ನು ಇನ್ನೊಂದು ಸಲ. ಹೆಸರನ್ನೂ ತಿರುಗಿಸಿ ಮುರುಗಿಸಿ ಹಾಕಿ. ಸೀಫುಡ್ಸ್, ಸೀ ಫುಡ್, ಹಳೆಯ ಪಾಲುದಾರಿಕೆಯ ಹೆಸರು, ಡೈರೆಕ್ಟರುಗಳ ಹೆಸರು ಎಲ್ಲ ಬೇಕು.

ಇಷ್ಟು ಮಾಡಿದರೂ ತಪ್ಪಿಸಿಕೊಳ್ಳುವುದು ಚೆಕ್ ಬೌನ್ಸ್ ಕೇಸು. 2015ರ ತಿದ್ದುಪಡಿಯ ನಂತರ, ಚೆಕ್ಕನ್ನು ತನ್ನ ಖಾತೆಗೆ ಹಾಕಿದವನು ಆ ಖಾತೆ ಇರುವ ಊರಿನಲ್ಲೇ ಕೇಸು ಹಾಕಬೇಕು. ನಮ್ಮ ಕಂಪನಿ ಮಲ್ಪೆಯ ಬೋಟ್ ಮಾಲೀಕರಿಗೆ 14 ಲಕ್ಷದ ಚೆಕ್ ಕೊಟ್ಟು, ಅದು ವಾಪಸ್ ಬಂದಿದ್ದರೆ ಕೇಸು ಇರುವುದು ಉಡುಪಿಯಲ್ಲಿ. ಕಾರವಾರದಲ್ಲಿ ದಿನವಿಡೀ ಹುಡುಕಿದರೂ ಸಿಗದು. ಹಾಗಾಗಿ ಕಂಪನಿ ಯಾರಿಗೆಲ್ಲ ಹಣ ಕೊಡಬೇಕು ಎಂಬ ಪಟ್ಟಿ ಎದುರಿಗಿಟ್ಟುಕೊಂಡು, ದೊಡ್ಡ ಬಾಕಿ ಬರಬೇಕಾದವರ ಊರುಗಳಲ್ಲೆಲ್ಲ ಹುಡುಕಿ. ಈ ಕೇಸಿನಲ್ಲಿ ದಂಡ ಚೆಕ್ ಮೊತ್ತದ ಎರಡರಷ್ಟು, ಅಂದರೆ 28 ಲಕ್ಷದವರೆಗೆ ಹೋಗಬಹುದು.

ತೆರಿಗೆ ನೋಟಿಸು ಇ-ಕೋರ್ಟ್ಸ್‌ನಲ್ಲಿ ಕಾಣುವುದಿಲ್ಲ. ಕಂಪನಿಯ ಅಕೌಂಟೆಂಟ್ ಪಕ್ಕ ಕೂತು ಜಿಎಸ್‌ಟಿ ಪೋರ್ಟಲ್ ತೆರೆಸಿ. ಸುಮ್ನೆ ನೋಟಿಸ್ ಪುಟ ನೋಡಿ ಏಳಬೇಡಿ, `View Additional Notices/Orders` ಕೂಡ ಒತ್ತಿಸಿ. ಎಷ್ಟೋ ನೋಟಿಸುಗಳು ಅಲ್ಲಿ ಯಾರೂ ತೆರೆಯದೆ ಕೂತಿರುತ್ತವೆ.

ಸಾರದಲ್ಲಿ ಕೋರ್ಟ್, ಕೇಸ್ ನಂಬರ್, ಹಂತ, ಮುಂದಿನ ವಾಯಿದೆ, ಸೋತರೆ ಎಷ್ಟು ಕಟ್ಟಬೇಕು, ಲೆಕ್ಕಪತ್ರದಲ್ಲಿ ಅದಕ್ಕೆ ಹಣ ತೆಗೆದಿಟ್ಟಿದ್ದಾರಾ ಎಂದು ಬರೆಯಿರಿ. "ಕಂಪನಿ ಗೆಲ್ಲುತ್ತದೆ" ಎಂದು ಬರೆಯಬೇಡಿ. "ಗೆಲ್ಲುವ ಸಾಧ್ಯತೆ ಇದೆ ಎಂದು ಕಂಪನಿಯ ವಕೀಲರು ಹೇಳಿದ್ದಾರೆ" ಎಂದು ಬರೆಯಿರಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ ಅಲ್ವಾ?

ಹಂತ 4: ಲೈಸೆನ್ಸ್‌ಗಳು

ಫ್ಯಾಕ್ಟರಿ ಲೈಸೆನ್ಸ್, ಆಹಾರ ಸುರಕ್ಷತೆಯ ಲೈಸೆನ್ಸ್, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ರಫ್ತು ಇದ್ದರೆ ಸಮುದ್ರ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಸಂಸ್ಥೆ ಎಂಪೀಡಾದ ನೋಂದಣಿ. ಸಮುದ್ರದ ಪಕ್ಕದ ಕಟ್ಟಡವಾದ್ದರಿಂದ ಸಿಆರ್‌ಝೆಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಅನುಮತಿ ಬೇಕಿತ್ತೇ, ಪಡೆದಿದ್ದಾರೆಯೇ ಎಂದೂ ಕೇಳಿ. ಮುಗಿಯುವ ದಿನಾಂಕ ಯಾರಾದರೂ ಬರೆಯುತ್ತಾರೆ. ಲೈಸೆನ್ಸ್ ಯಾರ ಹೆಸರಿನಲ್ಲಿದೆ ಎನ್ನುವುದನ್ನು ಮಾತ್ರ ನಿಧಾನವಾಗಿ ಓದಿ. ಯಜಮಾನರು ಒಬ್ಬರೇ ಶುರು ಮಾಡಿದ ವ್ಯವಹಾರ ಆಮೇಲೆ ಕಂಪನಿ ಆಗಿದ್ದರೆ, ಒಂದೆರಡು ಲೈಸೆನ್ಸ್ ಇನ್ನೂ ಅವರ ಸ್ವಂತ ಹೆಸರಿನಲ್ಲೇ ಇರುತ್ತವೆ. ಷೇರು ಕೊಂಡರೆ ಅವು ನಿಮಗೆ ಬರುವುದಿಲ್ಲ.

ಆಮೇಲೆ ಷರತ್ತುಗಳು. ಮಾಲಿನ್ಯ ಮಂಡಳಿಯ ಪತ್ರದಲ್ಲಿ ದಿನಕ್ಕೆ 10 ಟನ್ ಎಂದಿದೆ. ಕಂಪನಿ ಹೇಳುವ ವರ್ಷದ ಉತ್ಪಾದನೆ 2,400 ಟನ್. ಕೆಲಸದ ದಿನ 300 ಎಂದು ಭಾಗಿಸಿದರೆ ದಿನಕ್ಕೆ 8 ಟನ್, ಮಿತಿಯೊಳಗೇ ಇದೆ. ಆದರೆ ಮೀನು ಸರಾಸರಿ ಲೆಕ್ಕದಲ್ಲಿ ಬರುವುದಿಲ್ಲವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ನಂತರದ ತಿಂಗಳುಗಳಲ್ಲಿ ಮೀನು ಒಟ್ಟಿಗೇ ಬಂದು ಬೀಳುತ್ತದೆ. ಅಕ್ಟೋಬರಿನ ದಿನದ ರಿಜಿಸ್ಟರ್ ತೆರೆದರೆ 15, 16 ಟನ್ ಎಂದಿರುತ್ತದೆ. ಅದೇ ತಿಂಗಳ ಹೆಸ್ಕಾಂ ಬಿಲ್ಲೂ ಏರಿದ್ದರೆ ರಿಜಿಸ್ಟರ್ ನಿಜ. ಸಾರದಲ್ಲಿ "ಸಮ್ಮತಿ ಪತ್ರ ಚಾಲ್ತಿಯಲ್ಲಿದೆ, ಮಿತಿ ಮೀರಿ ಉತ್ಪಾದನೆ ನಡೆದಿದೆ, ವಿಸ್ತರಣೆಗೆ ಅರ್ಜಿ ಹಾಕಬೇಕು" ಎಂದು ಮೂರನ್ನೂ ಬರೆಯಿರಿ.

ಹಂತ 5: ಮೊದಲ ಪುಟ ಕೊನೆಗೆ

ವರದಿಯ ಮೊದಲ ಪುಟ ಬರೆಯಬೇಕಾದ್ದು ಎಲ್ಲ ಮುಗಿದ ಮೇಲೆ. ಕೊಳ್ಳುವವರು ಓದುವುದು ಬಹುಪಾಲು ಅದನ್ನೇ. ಸಿಕ್ಕ ತೊಂದರೆಗಳನ್ನು ಅಲ್ಲಿ ಮೂರು ಬಗೆಯಾಗಿ ವಿಂಗಡಿಸಿ. ಜಾಗದ ಮಾಲೀಕರ ಒಪ್ಪಿಗೆ ಮತ್ತು ಲೀಸ್ ನೋಂದಣಿ ಹಣ ಕೊಡುವ ಮೊದಲು ಆಗಬೇಕಾದ್ದು. ಉಡುಪಿಯ ಚೆಕ್ ಕೇಸಿನ ಹಣ ಬೆಲೆಯಲ್ಲಿ ಕಡಿತ ಮಾಡುವಂಥದ್ದು. ಮಿತಿ ಮೀರಿದ ಉತ್ಪಾದನೆಗೆ ಮುಂದೆ ದಂಡ ಬಿದ್ದರೆ ಮಾರಿದವರೇ ಕಟ್ಟಿಕೊಡಬೇಕೆಂದು ಕರಾರಿನಲ್ಲಿ ಬರೆಸುವಂಥದ್ದು. ಯಾವ ಕಾಗದ ಕೇಳಿದರೂ ಸಿಗಲಿಲ್ಲ ಎನ್ನುವ ಪಟ್ಟಿಯನ್ನೂ ಅದೇ ಪುಟದಲ್ಲಿ ಹಾಕಿ. ಕೋರ್ಟ್ ಹುಡುಕಾಟ ಮಾಡಿದ ತಾರೀಕು ಬರೆದಿಡಿ, ಸಹಿಯ ಹಿಂದಿನ ದಿನ ಅದೇ ಹೆಸರುಗಳನ್ನು ಇನ್ನೊಮ್ಮೆ ಹಾಕಿ ನೋಡಿ.