ಗೊತ್ತಿಲ್ಲದ ಮಾತ್ರೆಯ ಶೀಟು ಓದುವುದು ಹೇಗೆ?

ಮಳೆಗಾಲದಲ್ಲಿ ಒಂದು ಮನೆಯಲ್ಲಿ ಜ್ವರ ಅಂದರೆ ಪಕ್ಕದ ಮನೆಯಿಂದ ಮಾತ್ರೆ ಬರುತ್ತದೆ. ‘ನಮ್ಮವರಿಗೆ ಇದರಲ್ಲೇ ಇಳೀತು, ನೀವೂ ಒಂದು ತಗೊಳ್ಳಿ’ ಎಂದು ಪ್ರೀತಿಯಿಂದಲೇ ಕೊಡುತ್ತಾರೆ. ಆಶಾ ಕಾರ್ಯಕರ್ತೆಯೊಬ್ಬರು ಬೀದಿಯವರನ್ನೆಲ್ಲ ಜಗಲಿ ಮೇಲೆ ಕೂರಿಸಿಕೊಂಡು ಮಾತಾಡಿದ್ದು ಇಂಥ ಮಾತ್ರೆಯ ಬಗ್ಗೆಯೇ. ಬರುವಾಗ ಮನೆಯಲ್ಲಿರುವ ಮಾತ್ರೆ ಡಬ್ಬ ತನ್ನಿ ಎಂದು ಮೊದಲೇ ಹೇಳಿದ್ದರು. ಅವರು ಕಲಿಸಿದ ಕ್ರಮ ಇಲ್ಲಿದೆ. ನೀವೂ ನಿಮ್ಮ ಮನೆಯ ಡಬ್ಬ ಎದುರಿಗೆ ಇಟ್ಟುಕೊಂಡು ಓದಿದರೆ ಬೇಗ ಕೈಗೆ ಹತ್ತುತ್ತದೆ.

ಬಿಡಿ ಮಾತ್ರೆ ಬೇಡ

ಡಬ್ಬಗಳಲ್ಲಿ ಮೊದಲು ಸಿಕ್ಕಿದ್ದು ಕಾಗದದಲ್ಲಿ ಮಡಚಿಟ್ಟ ಮಾತ್ರೆಗಳು. ಒಂದು ಬಿಳಿ, ಒಂದು ತಿಳಿ ಹಳದಿ. ‘ಬಿಳೀದು ಜ್ವರದ್ದು’ ಅಂದರು ಅಜ್ಜಿ. ಆಶಾ ಅಕ್ಕ ಇನ್ನೆರಡು ಶೀಟಿನಿಂದ ಬಿಳಿ ಮಾತ್ರೆ ತೋರಿಸಿದರು. ಒಂದು ಸಕ್ಕರೆ ಕಾಯಿಲೆಯದು, ಇನ್ನೊಂದು ಬಿಪಿಯದು. ಮೂರೂ ಹೆಚ್ಚುಕಡಿಮೆ ಒಂದೇ ಥರ. ಬಣ್ಣ, ಆಕಾರ ನೋಡಿ ಮಾತ್ರೆ ಗುರುತಿಸಲು ಆಗುವುದಿಲ್ಲ. ಒಂದೇ ಔಷಧವನ್ನು ಒಂದು ಕಂಪನಿ ಬಿಳಿ ಮಾಡುತ್ತದೆ, ಇನ್ನೊಂದು ಗುಲಾಬಿ ಮಾಡುತ್ತದೆ. ಹಾಗಾಗಿ ಯಾರಾದರೂ ಬಿಡಿ ಮಾತ್ರೆ ಕೈಗಿಟ್ಟರೆ ಶೀಟು ಕೇಳಿ. ಶೀಟು ಇಲ್ಲ ಅಂದರೆ ನುಂಗುವ ಮಾತೇ ಇಲ್ಲ.

ದೊಡ್ಡ ಹೆಸರು ಬಿಡಿ, ಒಳಗಿನ ಹೆಸರು ಹುಡುಕಿ

ಶೀಟಿನ ಮೇಲೆ ಎರಡು ಹೆಸರು ಇರುತ್ತವೆ. ಒಂದು ಕಂಪನಿ ಇಟ್ಟ ಹೆಸರು. ಅಂಗಡಿಯಲ್ಲಿ ನಾವು ಕೇಳುವುದು ಅದನ್ನೇ. ಇನ್ನೊಂದು ಒಳಗಿರುವ ಔಷಧದ ಹೆಸರು. ಇದನ್ನು ಹುಡುಕಲು ಶೀಟಿನ ಬೆನ್ನು ತಿರುಗಿಸಿ. ‘ಪ್ರತಿ ಮಾತ್ರೆಯಲ್ಲಿ ಇರುವುದು’ ಎಂಬ ಅರ್ಥದ ಇಂಗ್ಲಿಷ್ ಸಾಲು ಕಾಣುತ್ತದೆ: ‘ಈಚ್ ಟ್ಯಾಬ್ಲೆಟ್ ಕಂಟೇನ್ಸ್’. ಅದರ ಕೆಳಗೆ ಔಷಧದ ಹೆಸರು, ಮುಂದೆ ಸಾಮಾನ್ಯವಾಗಿ ಐ.ಪಿ. ಎಂಬ ಎರಡಕ್ಷರ, ಅದರ ಎದುರಿಗೆ ಎಷ್ಟು ಎಂಜಿ ಎಂಬ ಲೆಕ್ಕ. ನೀವು ಓದಬೇಕಾದದ್ದು ಈ ಜಾಗವನ್ನು. ಅಲ್ಲಿ ಒಂದೇ ಹೆಸರಿದ್ದರೆ ಒಂದೇ ಔಷಧ. ಎರಡು ಮೂರು ಹೆಸರಿದ್ದರೆ ಆ ಒಂದು ಮಾತ್ರೆಯಲ್ಲಿ ಎರಡು ಮೂರು ಔಷಧ ಸೇರಿವೆ ಅಂತ ಲೆಕ್ಕ.

ಇಲ್ಲಿ ಅಕ್ಕ ಜಾಸ್ತಿ ಹೊತ್ತು ನಿಂತರು. ಒಂದು ಮನೆಯ ಡಬ್ಬದಿಂದ ಮೂರು ಶೀಟು ತೆಗೆದು ಸಾಲಾಗಿ ಇಟ್ಟರು. ಒಂದು ಜ್ವರಕ್ಕೆ, ಒಂದು ಮೈಕೈ ನೋವಿಗೆ, ಒಂದು ನೆಗಡಿಗೆ. ಕಂಪನಿ ಇಟ್ಟ ಹೆಸರು ಮೂರೂ ಬೇರೆ, ಬಣ್ಣವೂ ಬೇರೆ. ಆದರೆ ಬೆನ್ನು ತಿರುಗಿಸಿ ಓದಿದಾಗ ಮೂರರಲ್ಲೂ ಒಂದು ಹೆಸರು ಸಿಕ್ಕಿತು: ಪ್ಯಾರಾಸಿಟಮಾಲ್. ಜ್ವರದ ಮಾತ್ರೆಯಲ್ಲಿ ಅದೊಂದೇ, 650 ಎಂಜಿ. ನೋವಿನ ಮಾತ್ರೆಯಲ್ಲಿ ಅಸಿಕ್ಲೋಫಿನಾಕ್ 100 ಎಂಜಿ, ಜೊತೆಗೆ ಪ್ಯಾರಾಸಿಟಮಾಲ್ 325. ನೆಗಡಿ ಮಾತ್ರೆಯಲ್ಲಿ ಮೂಗು ಕಟ್ಟಿದ್ದಕ್ಕೆ ಒಂದು, ಸೀನಿಗೆ ಒಂದು, ಅವುಗಳ ಜೊತೆ ಪ್ಯಾರಾಸಿಟಮಾಲ್ 500.

‘ಈಗ ಜ್ವರ, ನೆಗಡಿ, ಮೈಕೈ ನೋವು ಮೂರೂ ಒಟ್ಟಿಗೆ ಬಂತು ಅನ್ನಿ. ಏನು ಮಾಡ್ತೀರಿ?’ ಎಂದು ಕೇಳಿದರು.

‘ಮೂರೂ ತಗೋತೀವಿ, ಇನ್ನೇನು’ ಅಂದರು ಒಬ್ಬ ಮಾವ.

ಆ ಲೆಕ್ಕವನ್ನು ಅಕ್ಕ ಸೀಮೆಸುಣ್ಣದಲ್ಲಿ ಜಗಲಿ ಮೇಲೆ ಬರೆದರು. ಜ್ವರದ ಮಾತ್ರೆ ದಿನಕ್ಕೆ ಮೂರು ಸಲ, 1950 ಎಂಜಿ. ನೋವಿನದು ಎರಡು ಸಲ, 650. ನೆಗಡಿಯದು ಮೂರು ಸಲ, 1500. ಎಲ್ಲ ಕೂಡಿದರೆ 4100. ದೊಡ್ಡವರಿಗೆ 24 ಗಂಟೆಯಲ್ಲಿ ಪ್ಯಾರಾಸಿಟಮಾಲ್ 4000 ಎಂಜಿ ದಾಟಬಾರದು. ತೂಕ ಕಡಿಮೆ ಇರುವವರಿಗೆ, ದಿನಾ ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ಅದನ್ನು ಡಾಕ್ಟರೇ ಹೇಳಬೇಕು. ಇಲ್ಲಿ ಯಾವ ಮಾತ್ರೆಯನ್ನೂ ಯಾರೂ ಹೆಚ್ಚಿಗೆ ನುಂಗಿಲ್ಲ ನೋಡಿ. ಒಂದೊಂದೂ ಅದರದರ ಲೆಕ್ಕದಲ್ಲಿ ಸರಿಯೇ ಇದೆ. ಮೂರನ್ನೂ ಕೂಡಿಸಿದಾಗ ಮಾತ್ರ ಗೆರೆ ದಾಟಿದೆ.

ಒಂದು ದಿನ ಹೀಗಾದರೆ ಗಟ್ಟಿಮುಟ್ಟಾದವರಿಗೆ ಏನೂ ಆಗದೇ ಇರಬಹುದು. ತೊಂದರೆ ಇರುವುದು ಜ್ವರ ನಾಲ್ಕೈದು ದಿನ ಬಿಡದಿದ್ದಾಗ. ಊಟ ಸೇರುವುದಿಲ್ಲ, ಮಾತ್ರೆ ಮಾತ್ರ ಒಳಗೆ ಹೋಗುತ್ತಲೇ ಇರುತ್ತದೆ. ಪೆಟ್ಟು ಬೀಳುವುದು ಲಿವರ್‌ಗೆ. ಪ್ಯಾರಾಸಿಟಮಾಲ್ ಇರುವ ಶೀಟಿನ ಮೇಲೆ ಈ ಎಚ್ಚರಿಕೆ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಆದರೆ ಅಕ್ಷರ ಎಷ್ಟು ಚಿಕ್ಕದು ಅಂದರೆ ಕನ್ನಡಕ ಇದ್ದವರೂ ಬೆಳಕಿಗೆ ಹಿಡಿಯಬೇಕು.

ಹಾಗಾಗಿ ನಿಯಮ ಇಷ್ಟು: ಹೊಸ ಮಾತ್ರೆ ನುಂಗುವ ಮುಂಚೆ, ಈಗಾಗಲೇ ತಗೊಳ್ಳುತ್ತಿರುವ ಮಾತ್ರೆಗಳ ಶೀಟನ್ನೂ ಪಕ್ಕದಲ್ಲಿ ಇಟ್ಟುಕೊಂಡು ಬೆನ್ನು ಓದಿ. ಒಂದೇ ಹೆಸರು ಎರಡು ಕಡೆ ಕಂಡರೆ ಎರಡನ್ನೂ ಒಟ್ಟಿಗೆ ತಗೊಳ್ಳಬೇಡಿ. ಡಾಕ್ಟರನ್ನೋ ಔಷಧ ಅಂಗಡಿಯ ಫಾರ್ಮಸಿಸ್ಟನ್ನೋ ಕೇಳಿ.

ಇಂಗ್ಲಿಷ್ ಬಾರದವರು ಏನು ಮಾಡಬೇಕು?

ಶೀಟಿನ ಮೇಲಿನದೆಲ್ಲ ಸಾಮಾನ್ಯವಾಗಿ ಇಂಗ್ಲಿಷೇ. ಇದಕ್ಕೆ ಅಕ್ಕ ಒಂದು ಉಪಾಯ ಮಾಡಿದ್ದರು. ಹಳೇ ಶೀಟಿನಿಂದ ಪ್ಯಾರಾಸಿಟಮಾಲ್ ಎಂಬ ಹೆಸರಿರುವ ತುಂಡು ಕತ್ತರಿಸಿ ರಟ್ಟಿಗೆ ಅಂಟಿಸಿ, ಕೆಳಗೆ ಕನ್ನಡದಲ್ಲಿ ಬರೆದಿದ್ದರು. ಓದಲು ಬಾರದಿದ್ದರೂ ಅಕ್ಷರಗಳನ್ನು ಒಂದೊಂದಾಗಿ ತಾಳೆ ನೋಡಬಹುದು. ಬಂದವರಲ್ಲಿ ಓದು ಬಾರದ ಅಜ್ಜಿಯೂ ಮೂರು ಶೀಟಿನಲ್ಲಿ ಆ ಹೆಸರನ್ನು ಬೆರಳಿಟ್ಟು ತೋರಿಸಿದರು. ಆದರೆ ಪೂರ್ತಿ ಹೆಸರು ತಾಳೆ ನೋಡಬೇಕು, ಮೊದಲ ನಾಲ್ಕು ಅಕ್ಷರಕ್ಕೇ ನಿಲ್ಲಿಸಬಾರದು. ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಗೆ, ಮೆಟೊಪ್ರೊಲಾಲ್ ಬಿಪಿ ಮತ್ತು ಹೃದಯಕ್ಕೆ, ಮೆಟ್ರೊನಿಡಜೋಲ್ ಸೋಂಕಿಗೆ. ಶುರು ಒಂದೇ ಥರ, ಕೆಲಸ ಬೇರೆ ಬೇರೆ.

ಇನ್ನೊಂದು ದಾರಿ, ಔಷಧ ಕೊಂಡ ಅಂಗಡಿಯಲ್ಲೇ ಶೀಟಿನ ಮೇಲೆ ‘ಜ್ವರಕ್ಕೆ, ಊಟ ಆದ ಮೇಲೆ’ ಎಂದು ಕನ್ನಡದಲ್ಲಿ ಬರೆಸಿಕೊಳ್ಳುವುದು. ಕೇಳಲು ಸಂಕೋಚ ಬೇಡ. ಆದರೆ ಬರಹ ಹೆಸರನ್ನೂ ತಾರೀಕನ್ನೂ ಮುಚ್ಚಬಾರದು.

ಎಂಜಿ ಎಷ್ಟು?

ಹೆಸರು ಒಂದೇ ಇದ್ದರೂ ಅಂಕಿ ಬೇರೆ ಇರಬಹುದು. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮೆಪಿರೈಡ್ ಮಾತ್ರೆ 1 ಎಂಜಿಯದೂ ಸಿಗುತ್ತದೆ, 2 ಎಂಜಿಯದೂ ಸಿಗುತ್ತದೆ. ನಿಮ್ಮದು ಮುಗಿದಿದೆ ಎಂದು ಅತ್ತಿಗೆಯ ಶೀಟಿನಿಂದ ಒಂದು ತಗೊಂಡಿರಿ, ಅದು 2 ಆಗಿತ್ತು ಅನ್ನಿ. ಸಕ್ಕರೆ ತೀರಾ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಅಂಕಿ ಡಾಕ್ಟರ ಚೀಟಿಗೆ ಸರಿಯಾಗಿ ಹೊಂದಬೇಕು.

ಎಡಬದಿಯ ಕೆಂಪು ಗೆರೆ

ಕೆಲವು ಶೀಟುಗಳ ಎಡಗಡೆ ಮೇಲಿಂದ ಕೆಳಗೆ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಇದನ್ನು ಮಾರುವ ಹಾಗಿಲ್ಲ ಎಂದು ಅದರ ಅರ್ಥ. ಆ್ಯಂಟಿಬಯಾಟಿಕ್‌ಗಳ ಮೇಲಿನ ಈ ಗೆರೆಯನ್ನು ಜನ ಗುರುತಿಸಲಿ ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಪ್ರಚಾರವನ್ನೂ ಮಾಡಿತ್ತು. ಪಕ್ಕದ ಮನೆಯಿಂದ ಬಂದ ಶೀಟಿನಲ್ಲಿ ಕೆಂಪು ಗೆರೆ ಕಂಡರೆ ವಾಪಸ್ ಕೊಟ್ಟುಬಿಡಿ. ಮುಂದಿನದನ್ನು ಓದುವ ಅಗತ್ಯವೇ ಇಲ್ಲ. ಹಾಗಂತ ಗೆರೆ ಇಲ್ಲದ್ದನ್ನೆಲ್ಲ ಸುಮ್ನೆ ನುಂಗಬಹುದು ಅಂತಲ್ಲ. ಅಕ್ಕ ಇಟ್ಟ ಮೂರು ಶೀಟಿನಲ್ಲಿ ನೋವಿನದಕ್ಕೆ ಗೆರೆ ಇತ್ತು. ಅದನ್ನು ತಂದವರು ಅಷ್ಟು ದಿನ ಆ ಗೆರೆಯನ್ನು ಅಲಂಕಾರ ಅಂದುಕೊಂಡಿದ್ದರು.

ತಾರೀಕು ಮತ್ತು ಕತ್ತರಿ

ಇ, ಎಕ್ಸ್, ಪಿ ಎಂಬ ಮೂರು ಅಕ್ಷರದ ಮುಂದೆ ಇರುವುದು ಅವಧಿ ಮುಗಿಯುವ ತಿಂಗಳು ಮತ್ತು ವರ್ಷ. ಆ ತಿಂಗಳ ಕೊನೇ ದಿನದವರೆಗೆ ಬಳಸಬಹುದು. ಎಂ, ಎಫ್, ಜಿ ಮುಂದೆ ಇರುವುದು ತಯಾರಾದ ತಾರೀಕು. ಅದನ್ನು ನೋಡಿ ಗಾಬರಿಯಾಗುವುದು ಬೇಡ.

ತೊಂದರೆ ಎಲ್ಲಿ ಅಂದರೆ, ಎಷ್ಟೋ ಶೀಟುಗಳಲ್ಲಿ ಈ ತಾರೀಕು ಒಂದೇ ತುದಿಯಲ್ಲಿ ಇರುತ್ತದೆ. ಅಂಗಡಿಯವರು ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಾಗ ತಾರೀಕಿನ ತುದಿ ಅವರ ಬಳಿಯೇ ಉಳಿಯಬಹುದು. ಹಾಗಾದರೆ ಪೂರ್ತಿ ಶೀಟು ತೋರಿಸಿ ಎಂದು ಕೇಳಿ, ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಇಲ್ಲವೇ ಬಿಲ್ ಇಟ್ಟುಕೊಳ್ಳಿ. ಅದರಲ್ಲಿ ಬ್ಯಾಚ್ ನಂಬರ್, ಅವಧಿ ಇವೆಯೇ ನೋಡಿಕೊಳ್ಳಿ. ಮನೆಯಲ್ಲಿ ಮಾತ್ರೆ ತೆಗೆಯುವಾಗ ತಾರೀಕು ಇಲ್ಲದ ತುದಿಯಿಂದ ಶುರು ಮಾಡಿ. ಕೊನೇ ಮಾತ್ರೆಯವರೆಗೂ ತಾರೀಕು ಉಳಿಯುತ್ತದೆ.

ಶೀಟು ಹೇಳದ ವಿಷಯ

ಹೆಸರು ಸರಿ, ಎಂಜಿ ಸರಿ, ತಾರೀಕು ಸರಿ. ಆದರೂ ಆ ಮಾತ್ರೆ ನಿಮಗೆ ಆಗುತ್ತದೋ ಇಲ್ಲವೋ ಎಂಬುದು ಶೀಟಿನಿಂದ ಪೂರ್ತಿ ತಿಳಿಯುವುದಿಲ್ಲ. ಬಸುರಿಯರು, ಎದೆಹಾಲು ಕುಡಿಸುವವರು, ಕಿಡ್ನಿ ತೊಂದರೆ ಇರುವವರು, ಹಿಂದೆ ಯಾವುದೋ ಮಾತ್ರೆಗೆ ಮೈಮೇಲೆ ದದ್ದು ಎದ್ದವರು ಕೇಳದೆ ಏನನ್ನೂ ತಗೊಳ್ಳಬಾರದು. ಮಕ್ಕಳಿಗೆ ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡುವುದೂ ಬೇಡ. ಮಕ್ಕಳ ಡೋಸು ತೂಕದ ಮೇಲೆ ನಿಲ್ಲುತ್ತದೆ.

ಮಳೆಗಾಲದ ಜ್ವರಕ್ಕೆ ಇನ್ನೊಂದು ಮಾತು. ಅದು ಡೆಂಗಿ ಆಗಿರಬಹುದು. ಡೆಂಗಿಯಲ್ಲಿ ಐಬುಪ್ರೊಫೇನ್, ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಆಸ್ಪಿರಿನ್ ಇರುವ ನೋವಿನ ಮಾತ್ರೆ ತಗೊಂಡರೆ ರಕ್ತಸ್ರಾವದ ಅಪಾಯ ಜಾಸ್ತಿ. ರಕ್ತ ಪರೀಕ್ಷೆ ಆಗುವವರೆಗೆ ಮೈಕೈ ನೋವು ಎಷ್ಟೇ ಇದ್ದರೂ ಈ ನಾಲ್ಕು ಹೆಸರು ಇರುವ ಶೀಟನ್ನು ಸ್ವಂತ ಲೆಕ್ಕದಲ್ಲಿ ಮುಟ್ಟಬೇಡಿ. ಹೃದಯಕ್ಕೆಂದು ಡಾಕ್ಟರು ದಿನಾ ಆಸ್ಪಿರಿನ್ ಕೊಟ್ಟಿದ್ದರೆ ಮಾತ್ರ ಅದನ್ನು ನೀವೇ ನಿಲ್ಲಿಸದೆ ಕೂಡಲೇ ಅವರನ್ನು ಕೇಳಿ.

ಆಗಲೇ ನುಂಗಿಬಿಟ್ಟಿದ್ದರೆ?

‘ಹೊಟ್ಟೆನೋವು ಬಂದರೆ ಹೋದರಾಯ್ತು, ಅಲ್ವಾ?’ ಎಂದು ಒಬ್ಬರು ಕೇಳಿದರು. ಅಕ್ಕ ಖಂಡಿತ ಬೇಡ ಅಂದರು. ಪ್ಯಾರಾಸಿಟಮಾಲ್ ಹೆಚ್ಚಾದರೆ ಮೊದಲ ದಿನ ಏನೂ ಗೊತ್ತಾಗದೇ ಇರಬಹುದು, ಬಂದರೆ ಸ್ವಲ್ಪ ವಾಕರಿಕೆ, ಸುಸ್ತು. ಲಿವರ್‌ಗೆ ಬಿದ್ದ ಪೆಟ್ಟು ಕಾಣುವುದು ಎರಡು ಮೂರು ದಿನ ಕಳೆದ ಮೇಲೆ. ಇದಕ್ಕೆ ಆಸ್ಪತ್ರೆಯಲ್ಲಿ ಔಷಧ ಇದೆ, ಆದರೆ ಒಟ್ಟಿಗೆ ಜಾಸ್ತಿ ನುಂಗಿದವರಿಗೆ ಅದು ಚೆನ್ನಾಗಿ ಕೆಲಸ ಮಾಡುವುದು ಮೊದಲ ಎಂಟು ಗಂಟೆಯೊಳಗೆ ಕೊಟ್ಟರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾ ಹೊತ್ತು ಕಳೆಯಬೇಡಿ. ಅನುಮಾನ ಇದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿ. ತುಂಬಾ ನುಂಗಿದ್ದಾರೆ ಅಂತ ಗೊತ್ತಿದ್ದರೆ, ತೂಕಡಿಕೆ, ಉಸಿರಾಟದ ತೊಂದರೆ ಕಂಡರೆ ನೇರ 108ಕ್ಕೆ ಮಾಡಿ. ಹೊರಡುವಾಗ ಶೀಟುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ, ಖಾಲಿಯಾದದ್ದನ್ನೂ ಬಿಡಬೇಡಿ. ಎಷ್ಟು ಗುಳಿ ಖಾಲಿಯಾಗಿವೆ ಎಂದು ಎಣಿಸಿದರೆ ಡಾಕ್ಟರಿಗೆ ಲೆಕ್ಕ ಸಿಗುತ್ತದೆ. ಮೊದಲನೆಯದನ್ನು ಎಷ್ಟು ಗಂಟೆಗೆ ನುಂಗಿದ್ದು, ಕೊನೆಯದನ್ನು ಎಷ್ಟು ಗಂಟೆಗೆ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.