ಒಂದು ಫೋಟೊದಲ್ಲಿ ಹಳೆಯ ಜಾವಾ, ಯೆಜ್ಡಿಗಳನ್ನು ಗುರುತಿಸುವುದು ಹೇಗೆ?

ಮಂಡ್ಯದಲ್ಲಿರುವ ನನ್ನ ಸೋದರಳಿಯ ಕಳೆದ ತಿಂಗಳು ಒಂದು ಫೋಟೊ ಕಳುಹಿಸಿದ್ದ. ಶ್ರೀರಂಗಪಟ್ಟಣದ ಬಳಿಯ ಹಳ್ಳಿಯೊಂದರಲ್ಲಿ ಕೊಟ್ಟಿಗೆಯ ಗೋಡೆಗೆ ಒರಗಿಸದೆ, ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪಕ್ಕದಿಂದ ತೆಗೆದಿದ್ದ ಮೆರೂನ್ ಬಣ್ಣದ ಗಾಡಿ ಅದು. ಮಾರುವವರು ಅದನ್ನು 1969ರ ಜಾವಾ, ಎಲ್ಲವೂ ಒರಿಜಿನಲ್ ಎಂದು ಹೇಳಿದ್ದರು. 'ಮಾವ, ಇದು ನಿಜವಾಗಿ ಜಾವಾನೇನಾ? ನೋಡಿ ಹೇಳಿ, ಆಮೇಲೆ ಮುಂಗಡ ಕೊಡ್ತೀನಿ' ಎಂಬುದು ಅವನ ಪ್ರಶ್ನೆ. ಪಕ್ಕದ ನೋಟದ ಒಂದೇ ಫೋಟೊದಿಂದ ಎಷ್ಟು ತಿಳಿಯಬಹುದು, ಎಷ್ಟು ತಿಳಿಯಲಾಗದು ಎಂಬುದನ್ನು ಅದೇ ಗಾಡಿಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಕಾಲದ ಚೌಕಟ್ಟು ತಿಳಿದಿರಬೇಕು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಗಾಡಿಗಳು ತಯಾರಾದವು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1978ರಲ್ಲಿ ಯೆಜ್ಡಿಯ ರೋಡ್‌ಕಿಂಗ್ ಮಾದರಿ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಹೆಸರು ಬದಲಾದ ಹೊತ್ತಿಗೆ ಗಾಡಿಯ ಮೈಕಟ್ಟು ಒಮ್ಮೆಗೇ ಬದಲಾಗಲಿಲ್ಲ. ಮೊದಲ ಯೆಜ್ಡಿಗಳು ಕೊನೆಯ ಜಾವಾಗಳಂತೆಯೇ ಕಾಣುತ್ತವೆ. ಜಾವಾ ಎಂಬ ಹೆಸರಿಗೆ ಈಗ ಹೆಚ್ಚು ಬೆಲೆ ಇರುವುದರಿಂದ ಯೆಜ್ಡಿಯ ಟ್ಯಾಂಕಿಗೆ ಜಾವಾ ಬಿಲ್ಲೆ ಅಂಟಿಸಿ ಮಾರುವ ಅಭ್ಯಾಸವೂ ಬೆಳೆದಿದೆ. ಆದ್ದರಿಂದ ಟ್ಯಾಂಕಿನ ಮೇಲಿನ ಹೆಸರನ್ನು ಕೊನೆಗೆ ನೋಡಬೇಕು.

ಮೊದಲ ಹೆಜ್ಜೆಯಾಗಿ, ಗಾಡಿಯನ್ನು ನೋಡುವುದಕ್ಕಿಂತ ಮುಂಚೆ ಫೋಟೊವನ್ನೇ ಪರೀಕ್ಷಿಸಿಕೊಳ್ಳಿ. ಗಾಡಿಯ ಮುಂಭಾಗ ನಿಮ್ಮ ಎಡಗೈ ಕಡೆಗಿದ್ದರೆ ನೀವು ನೋಡುತ್ತಿರುವುದು ಗಾಡಿಯ ಎಡಮಗ್ಗುಲು. ಜಾವಾ, ಯೆಜ್ಡಿಗಳಲ್ಲಿ ಗೇರು, ಕಿಕ್ಕರ್, ಚೈನು ಮೂರೂ ಎಡಮಗ್ಗುಲಲ್ಲಿಯೇ ಇರುತ್ತವೆ, ಹಿಂದಿನ ಬ್ರೇಕಿನ ಪೆಡಲ್ಲು ಬಲಗಡೆ. ಮುಂಭಾಗ ನಿಮ್ಮ ಬಲಕ್ಕಿದ್ದು ಕಿಕ್ಕರ್ ಕಾಣುತ್ತಿದ್ದರೆ ಫೋಟೊ ತಿರುಗುಮುರುಗಾಗಿದೆ ಎಂದೇ ಅರ್ಥ. ಅಂಥ ಫೋಟೊದಲ್ಲಿ ಅಕ್ಷರಗಳೂ ಕನ್ನಡಿಯಲ್ಲಿ ಕಂಡಂತೆ ಕಾಣುತ್ತವೆ. ಎಡಮಗ್ಗುಲಿನ ಫೋಟೊ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ, ಏಕೆಂದರೆ ಮುಖ್ಯವಾದ ಗುರುತುಗಳು ಅಲ್ಲಿವೆ.

ಎರಡನೆಯದಾಗಿ ಗಾಡಿಯ ಮನೆತನವನ್ನು ಗೊತ್ತುಮಾಡಿಕೊಳ್ಳಬೇಕು. ಈ ಕಾರ್ಖಾನೆಯ 250 ಸಿಸಿ ಗಾಡಿಗಳಲ್ಲಿ ಇರುವುದು ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಆದರೆ ಆ ಒಂದು ಸಿಲಿಂಡರಿನಿಂದ ಎರಡು ಹೊಗೆಕೊಳವೆಗಳು ಹೊರಟು ಎರಡು ಪಕ್ಕಕ್ಕೂ ಒಂದೊಂದು ಸೈಲೆನ್ಸರ್ ಹೋಗಿರುತ್ತದೆ. ಎಂಜಿನ್ನಿನ ಕೆಳಭಾಗ ಮೊಟ್ಟೆಯಂತೆ ದುಂಡಗಿರುತ್ತದೆ. ಇನ್ನೂ ಖಚಿತವಾದ ಗುರುತೆಂದರೆ ಎಡಗಡೆಯ ಒಂಟಿ ಲಿವರ್. ಗೇರು ಬದಲಿಸುವ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಬೇರೆ ಕಿಕ್ಕರ್ ಇರುವುದಿಲ್ಲ. ನನ್ನ ಅಳಿಯ ಕಳುಹಿಸಿದ ಫೋಟೊದಲ್ಲಿ ಈ ಗುರುತುಗಳೆಲ್ಲ ಇದ್ದವು. ಎಂಜಿನ್ನಿನ ಮುಂದೆ ರೇಡಿಯೇಟರ್, ಮುಂಗಾಲಿಯಲ್ಲಿ ಡಿಸ್ಕ್ ಬ್ರೇಕ್ ಕಂಡರೆ ಅದು 2018ರ ನಂತರ ಹೊಸದಾಗಿ ಬಂದ ಜಾವಾ. ದೂರದಿಂದ ಅದು ಹಳೆಯದರಂತೆ ಕಂಡರೂ ಎಂಜಿನ್ ಫೋರ್ ಸ್ಟ್ರೋಕಿನದು.

ಮೂರನೆಯ ಹೆಜ್ಜೆ ಗಾಡಿಯ ತಲೆ. ಹಳೆಯ ಜಾವಾದಲ್ಲಿ ಹೆಡ್‌ಲೈಟು ಬೇರೆಯಾಗಿ ನಿಂತಿರುವುದಿಲ್ಲ. ಮುಂದಿನ ಫೋರ್ಕಿನ ತಗಡಿನ ಹೊದಿಕೆಯೇ ಮೇಲೇರಿ ಉಬ್ಬಿ ಡೂಮ್ ಆಗುತ್ತದೆ, ಹೆಡ್‌ಲೈಟೂ ಸ್ಪೀಡೋಮೀಟರೂ ಅದರೊಳಗೇ ಕೂತಿರುತ್ತವೆ. ಪಕ್ಕದಿಂದ ನೋಡಿದರೆ ಹೆಡ್‌ಲೈಟಿನಿಂದ ಫೋರ್ಕಿನವರೆಗೆ ಒಂದೇ ಗೆರೆ ಹರಿದಂತೆ ಕಾಣುತ್ತದೆ. ರೋಡ್‌ಕಿಂಗ್‌ನಲ್ಲಿ ಹೆಡ್‌ಲೈಟು ಫೋರ್ಕಿನ ಮುಂದೆ ಬೇರೆಯಾಗಿ ನಿಂತಿದ್ದು ಅದರ ಮೇಲೆ ಮೀಟರು ಎದ್ದು ಕಾಣುತ್ತದೆ. ಜಾವಾದ ಟ್ಯಾಂಕು ದುಂಡಗಿದ್ದು ಪಕ್ಕದಲ್ಲಿ ಕ್ರೋಮಿನ ಹೊಳಪೂ ಮೊಣಕಾಲು ತಾಗುವಲ್ಲಿ ರಬ್ಬರಿನ ಪ್ಯಾಡೂ ಇರುತ್ತವೆ. ಆದರೆ ಡೂಮ್ ಕಂಡ ಕೂಡಲೇ ಜಾವಾ ಎಂದು ತೀರ್ಮಾನಿಸಬಾರದು. ಹಳೆಯ ಮೈಕಟ್ಟಿನ ಯೆಜ್ಡಿಗಳಲ್ಲಿಯೂ ಡೂಮ್ ಇದೆ. ಡೂಮ್ ನಮಗೆ ಹೇಳುವುದು ಇದು ರೋಡ್‌ಕಿಂಗ್ ಅಲ್ಲ ಎಂಬುದನ್ನಷ್ಟೆ.

ನಾಲ್ಕನೆಯದು ಗಾಲಿ. ಹೆಚ್ಚಿನವರು ತಪ್ಪುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೆಯ ಜಾವಾದ ರಿಮ್ಮು 16 ಇಂಚಿನದು, ರೋಡ್‌ಕಿಂಗ್‌ನದು 18 ಇಂಚಿನದು. 3.25ರ ಟೈರು ಹಾಕಿದಾಗ 16ರ ಗಾಲಿ ಹೊರ ಅಂಚಿನವರೆಗೆ ಸುಮಾರು 57 ಸೆಂಟಿಮೀಟರ್ ಎತ್ತರ ಬರುತ್ತದೆ, 18ರದ್ದು ಸುಮಾರು 62. ಈ 5 ಸೆಂಟಿಮೀಟರನ್ನು ಫೋಟೊದಲ್ಲಿ ಹಿಡಿಯಬೇಕಾದರೆ ಗಾಲಿಯ ಎತ್ತರವನ್ನು ಎರಡು ಗಾಲಿಗಳ ನಡುಬಿಂದುಗಳ ಅಂತರದಿಂದ ಭಾಗಿಸಿ, ಮಾದರಿ ಖಚಿತವಾಗಿ ಗೊತ್ತಿರುವ ಇನ್ನೊಂದು ಗಾಡಿಯ ಫೋಟೊದಲ್ಲಿ ಬರುವ ಸಂಖ್ಯೆಯೊಂದಿಗೆ ಹೋಲಿಸಬೇಕು. ಫೋಟೊ ಓರೆಯಾಗಿದ್ದರೆ ಈ ಲೆಕ್ಕ ಕೆಡುತ್ತದೆ. ಕೆಟ್ಟಿದೆಯೋ ಇಲ್ಲವೋ ತಿಳಿಯಲು ಹಿಂದಿನ ಗಾಲಿಯನ್ನು ಅಳೆಯಿರಿ. ಹ್ಯಾಂಡಲ್ ತಿರುಗಿರಬಹುದಾದ್ದರಿಂದ ಮುಂದಿನ ಗಾಲಿ ಬೇಡ. ಗಾಲಿ ಸರಿಯಾಗಿ ವೃತ್ತವಾಗಿ ಕಂಡರೆ ಫೋಟೊ ನೇರವಾಗಿದೆ, ಅಗಲ ಕಡಿಮೆಯಿದ್ದು ಮೊಟ್ಟೆಯಾಕಾರವಾಗಿ ಕಂಡರೆ ಓರೆಯಾಗಿದೆ.

ನಮ್ಮ ಫೋಟೊದಲ್ಲಿ ಹಿಂದಿನ ಗಾಲಿಯ ಎತ್ತರ 310 ಪಿಕ್ಸೆಲ್, ಅಗಲ 285, ಗಾಲಿಗಳ ನಡುವಿನ ಅಂತರ 680 ಇತ್ತು. ನೇರವಾಗಿ 310ನ್ನು 680ರಿಂದ ಭಾಗಿಸಿದರೆ ಬರುವುದು 0.456. ಆದರೆ ಗಾಲಿಯ ಅಗಲ ಎತ್ತರದ 0.92ರಷ್ಟೇ ಇದೆ, ಅಂದರೆ ಗಾಡಿಯ ಉದ್ದವೂ ಅಷ್ಟೇ ಪ್ರಮಾಣದಲ್ಲಿ ಕುಗ್ಗಿದೆ. 680ನ್ನು 0.92ರಿಂದ ಭಾಗಿಸಿದಾಗ ನಿಜವಾದ ಅಂತರ ಸುಮಾರು 740 ಎಂದಾಯಿತು, ಅನುಪಾತ 0.42ಕ್ಕೆ ಇಳಿಯಿತು. ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ನೂರಕ್ಕೆ 9ರಷ್ಟು. 57ಕ್ಕೂ 62ಕ್ಕೂ ಇರುವ ವ್ಯತ್ಯಾಸವೂ ಹೆಚ್ಚುಕಡಿಮೆ ಅಷ್ಟೇ. ಬರಿಗಣ್ಣಿಗೆ ಅಷ್ಟಾಗಿ ತಿಳಿಯದ ಓರೆಯೇ 16ರ ಗಾಲಿಯನ್ನು 18ರದ್ದೆಂದು ನಂಬಿಸಲು ಸಾಕು. ಗಾಡಿಗೆ ತೀರಾ ಹತ್ತಿರ ನಿಂತು ತೆಗೆದ ಮೊಬೈಲ್ ಫೋಟೊದಲ್ಲಿ ಒಂದು ಗಾಲಿ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದರಲ್ಲಿ ಈ ತಿದ್ದುಪಡಿಯೂ ಕೆಲಸಕ್ಕೆ ಬಾರದು. ಐದಾರು ಮೀಟರ್ ಹಿಂದೆ ಸರಿದು, ಎಂಜಿನ್ನಿನ ಎತ್ತರಕ್ಕೆ ಮೊಬೈಲ್ ಹಿಡಿದು ಇನ್ನೊಂದು ಫೋಟೊ ತೆಗೆಯಲು ಹೇಳಿ. ಅದರ ಜೊತೆಗೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಳತೆಯ ಹತ್ತಿರದ ಫೋಟೊ ಸಿಕ್ಕರೆ ಲೆಕ್ಕವೇ ಬೇಡ. ನಮ್ಮ ಗಾಡಿಯ ಟೈರಿನ ಮೇಲೆ 3.25-16 ಎಂದು ಸ್ಪಷ್ಟವಾಗಿತ್ತು.

ಇಲ್ಲಿಗೆ ರೋಡ್‌ಕಿಂಗ್ ಅಲ್ಲ ಎಂಬುದು ಗಟ್ಟಿಯಾಯಿತು. ಜಾವಾವೋ ಯೆಜ್ಡಿಯೋ ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ಎಂಜಿನ್ನಿನ ಎಡಗಡೆಯ ಮುಚ್ಚಳವನ್ನು ದೊಡ್ಡದು ಮಾಡಿ ನೋಡಬೇಕು. ಅದರಲ್ಲಿ ಕಂಪನಿಯ ಹೆಸರು ಎರಕದಲ್ಲಿಯೇ ಮೂಡಿರುತ್ತದೆ, ಬಿಲ್ಲೆಯಂತೆ ಅಂಟಿಸಿದ್ದಲ್ಲ. ಟ್ಯಾಂಕಿನ ಮೇಲೆ ಜಾವಾ ಎಂದಿದ್ದರೂ ಈ ಮುಚ್ಚಳದ ಮೇಲೆ ಕಂಡದ್ದು ಯೆಜ್ಡಿ ಎಂಬ ಹೆಸರು. ಅಳಿಯ ಆಗಲೇ ನಿರಾಸೆಗೊಂಡು, ಇದು ಯೆಜ್ಡಿಗೆ ಜಾವಾ ವೇಷ ಹಾಕಿದ್ದು ಎಂದು ನಿರ್ಧರಿಸಿಬಿಟ್ಟ. ನಾನು ಅವಸರಪಡಬೇಡ ಎಂದೆ. ಆ ಮುಚ್ಚಳ ಸ್ಕ್ರೂಗಳಿಂದ ಕೂರಿಸಿದ್ದು, ಬಿಚ್ಚಿ ಬದಲಿಸಬಹುದಾದದ್ದು. ಜಾವಾದ ಮುಚ್ಚಳ ಒಡೆದಾಗ ಸುಲಭವಾಗಿ ಸಿಗುವ ಯೆಜ್ಡಿಯದನ್ನು ಮೆಕ್ಯಾನಿಕ್ ಹಾಕಿರಬಹುದು, ಇಡೀ ಎಂಜಿನ್ನೇ ಬದಲಾಗಿರಬಹುದು, ಅಥವಾ ಗಾಡಿಯೇ ಯೆಜ್ಡಿ ಆಗಿರಬಹುದು. ಈ ಮೂರರಲ್ಲಿ ಯಾವುದು ಎಂಬುದನ್ನು ಮೈಕಟ್ಟು ಹೇಳಲಾರದು.

ಐದನೆಯ ಹೆಜ್ಜೆ ವರ್ಷ. ಪಕ್ಕದ ನೋಟದಿಂದ ಸಿಗುವುದು ಕಾಲಾವಧಿಯೇ ಹೊರತು ವರ್ಷವಲ್ಲ. ಡೂಮ್, ದುಂಡು ಟ್ಯಾಂಕು, 16ರ ಗಾಲಿ ಇರುವ ಗಾಡಿ 1965ರದ್ದೂ ಆಗಬಹುದು, 1975ರದ್ದೂ ಆಗಬಹುದು. ಬಣ್ಣ, ಸೀಟು, ಸೈಲೆನ್ಸರ್, ಹ್ಯಾಂಡಲ್ ಇವುಗಳನ್ನು ವರ್ಷಕ್ಕೆ ಸಾಕ್ಷಿಯಾಗಿ ನಾನು ಎಂದೂ ಪರಿಗಣಿಸುವುದಿಲ್ಲ. ಐವತ್ತು ವರ್ಷಗಳಲ್ಲಿ ಅವು ಎಷ್ಟು ಬಾರಿ ಬದಲಾಗಿವೆಯೋ ಬಲ್ಲವರಿಲ್ಲ. ಆದರೆ ಪಕ್ಕದ ಫೋಟೊದಲ್ಲಿ ವರ್ಷದ ಸುಳಿವು ಒಂದಿರುತ್ತದೆ. ಹಳೆಯ ಗಾಡಿಗಳಲ್ಲಿ ಮುಂದಿನ ಮಡ್‌ಗಾರ್ಡಿನ ಮೇಲೆ ಉದ್ದಕ್ಕೆ ನಿಲ್ಲಿಸಿದ ನಂಬರ್ ಪ್ಲೇಟು ಪಕ್ಕದಿಂದಲೇ ಓದಲು ಸಿಗುತ್ತದೆ. ನಮ್ಮ ಫೋಟೊದಲ್ಲಿ ಆ ಪಟ್ಟಿಯ ಮೇಲಿನ ನಂಬರು ಎಂ ವೈ ಅಕ್ಷರಗಳಿಂದ ಆರಂಭವಾಗಿತ್ತು. ಅದು ಮೈಸೂರು ರಾಜ್ಯದ ಕಾಲದ ನೋಂದಣಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಕೆಎ 09, ಕೆಎ 11 ಎಂಬ ಈಗಿನ ಕ್ರಮ 1989ರ ನಂತರದ್ದು. ಹಳೆಯ ಗಾಡಿಗೆ ಕೆಎ ನಂಬರ್ ಇದ್ದರೆ ಅದು ಮರುನೋಂದಣಿಯಾಗಿದೆ ಎಂದರ್ಥವೇ ಹೊರತು, ಗಾಡಿಯ ವಯಸ್ಸು ಅದರಿಂದ ತಿಳಿಯುವುದಿಲ್ಲ.

ಹೀಗಾಗಿ ನಮ್ಮ ಮುಂದೆ ಪರಸ್ಪರ ಒಪ್ಪದ ಎರಡು ಗುರುತುಗಳು ಬಂದು ನಿಂತವು. ನಂಬರು ಗಾಡಿಯನ್ನು ಜಾವಾ ಕಾಲಕ್ಕೆ ಒಯ್ಯುತ್ತಿತ್ತು, ಎಂಜಿನ್ ಮುಚ್ಚಳ 1973ರ ಈಚೆಗೆ ತರುತ್ತಿತ್ತು. ಇಂಥ ಕಡೆ ಫೋಟೊವನ್ನು ಮತ್ತೆ ಮತ್ತೆ ನೋಡುವುದರಿಂದ ಪ್ರಯೋಜನವಿಲ್ಲ. ಆರ್‌ಸಿ ಪುಸ್ತಕದ ಪುಟಗಳು, ಹ್ಯಾಂಡಲ್ ಕೆಳಗೆ ಚಾಸಿಯ ಕುತ್ತಿಗೆಯಲ್ಲಿರುವ ನಂಬರು, ಎಂಜಿನ್ ಮೇಲಿನ ನಂಬರು ಇವಿಷ್ಟರ ಫೋಟೊ ತರಿಸಲು ಅಳಿಯನಿಗೆ ಹೇಳಿದೆ. ಕೈಬರಹದ ಹಳೆಯ ದಾಖಲೆಗಳೆಲ್ಲ ಸರ್ಕಾರದ ವಾಹನ್ ಜಾಲತಾಣಕ್ಕೆ ಸೇರಿಲ್ಲದಿರುವುದರಿಂದ, ಅಲ್ಲಿ ಹುಡುಕಿ ಸಿಗಲಿಲ್ಲವೆಂದ ಮಾತ್ರಕ್ಕೆ ಗಾಡಿ ಸುಳ್ಳು ಎನ್ನಲಾಗದು.

ಪುಟಗಳು ಬಂದವು. ತಯಾರಿಯ ವರ್ಷ 1969, ಚಾಸಿ ನಂಬರು ತಾಳೆಯಾಯಿತು, ಎಂಜಿನ್ ನಂಬರು ಆಗಲಿಲ್ಲ. ಗಾಡಿ ಜಾವಾವೇ, ಅದರೊಳಗಿನ ಎಂಜಿನ್ ಯೆಜ್ಡಿಯದು, ಆ ಬದಲಾವಣೆಯನ್ನು ಯಾರೂ ಆರ್‌ಸಿಯಲ್ಲಿ ಬರೆಸಿರಲಿಲ್ಲ. ಆರ್‌ಟಿಒ ಕಚೇರಿಯ ಅನುಮತಿ ಪಡೆದು ಹೊಸ ಎಂಜಿನ್ ನಂಬರು ಬರೆಸದ ಹೊರತು ಹೆಸರು ವರ್ಗಾವಣೆಗೆ ಹೋದಾಗ ತಡೆಯಾಗುತ್ತದೆ. ಆ ಕೆಲಸವನ್ನು ಮಾರುವವರೇ ತಮ್ಮ ಹೆಸರಿನಲ್ಲಿ ಮುಗಿಸಿಕೊಡಬೇಕೆಂದೂ, ಬದಲಿ ಎಂಜಿನ್ನಿನ ಗಾಡಿಗೆ ತಕ್ಕಂತೆ ಬೆಲೆ ಇಳಿಸಬೇಕೆಂದೂ ಅಳಿಯ ಕೇಳಿದ್ದಾನೆ. ಮುಂಗಡ ಇನ್ನೂ ಕೊಟ್ಟಿಲ್ಲ. ಬರುವ ಭಾನುವಾರ ನಾವಿಬ್ಬರೂ ಹೋಗಿ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು, ಅಕ್ಷರಗಳನ್ನು ಯಾರಾದರೂ ಉಜ್ಜಿ ಮತ್ತೆ ಕೊರೆದಿದ್ದಾರೆಯೇ ಎಂದು ನೋಡುವವರಿದ್ದೇವೆ.